ಐದು ಜನಕ್ಕೆ ಫಾರ್ವರ್ಡ್: ಎಷ್ಟು ಸುತ್ತಿಗೆ ಮೈಸೂರು?

ಪ್ರಶ್ನೆ: "ಇದನ್ನು ಐದು ಜನಕ್ಕೆ ಕಳಿಸಿ" ಅಂತ ವಾಟ್ಸಾಪ್‌ನಲ್ಲಿ ಬರುತ್ತಲ್ಲ, ಎಲ್ಲರೂ ನಿಜವಾಗಿ ಕಳಿಸಿದರೆ ಮೈಸೂರಿನಷ್ಟು ದೊಡ್ಡ ಊರಿಗೆ ಪೂರ್ತಿ ಮುಟ್ಟೋಕೆ ಎಷ್ಟು ಸುತ್ತು ಬೇಕು?

ಬರೀ ಗುಣಾಕಾರ ನೋಡಿದರೆ ಒಂಬತ್ತು ಸುತ್ತು. 2011ರ ಜನಗಣತಿ ಹೇಳುವ ಸುಮಾರು 9 ಲಕ್ಷವನ್ನೇ ಹಿಡಿಯೋಣ. ಮೊದಲ ಸುತ್ತಿಗೆ 5 ಜನ, ಎರಡನೆಯದಕ್ಕೆ 25, ಮೂರಕ್ಕೆ 125. ಐದನೇ ಸುತ್ತಿನಲ್ಲೂ 3,125 ಜನ ಮಾತ್ರ. ಆದರೆ ಎಂಟನೇ ಸುತ್ತು ಮುಗಿಯುವಾಗ ಒಟ್ಟು 4,88,281, ಒಂಬತ್ತಕ್ಕೆ 24 ಲಕ್ಷ ದಾಟುತ್ತದೆ. 84 ಲಕ್ಷದ ಬೆಂಗಳೂರಿಗೆ ಬೇಕಾಗುವುದು ಇನ್ನೊಂದೇ ಸುತ್ತು. ಊರು ಒಂಬತ್ತು ಪಟ್ಟು ದೊಡ್ಡದಾದರೂ ಲೆಕ್ಕ ಅಷ್ಟು ಬೆಳೆಯುವುದಿಲ್ಲ, ಯಾಕೆಂದರೆ ಪ್ರತಿ ಸುತ್ತೂ ಐದು ಪಟ್ಟು ಜಿಗಿಯುತ್ತದೆ.

ಈ ಲೆಕ್ಕದಲ್ಲಿ ಒಂದು ತಪ್ಪಿದೆ: ಪ್ರತಿ ಮೆಸೇಜೂ ಹೊಸಬರಿಗೇ ಹೋಗುತ್ತದೆ ಎಂದು ಅದು ನಂಬಿದೆ. ನಿಜದಲ್ಲಿ ಆಗಲೇ ನೋಡಿದವರಿಗೂ ಬರುತ್ತದೆ. ಊರಿನೊಳಗೆ ಎಲ್ಲರೂ ಕಣ್ಣುಮುಚ್ಚಿ ಯಾರೋ ಐವರನ್ನು ಆರಿಸುತ್ತಾರೆ, ಮೊದಲ ಸಲ ಬಂದಾಗ ಮಾತ್ರ ಕಳಿಸುತ್ತಾರೆ ಎಂದುಕೊಂಡರೆ ಲೆಕ್ಕ ಹೀಗೆ:

```python
import math
N, k = 900000, 5
S, I = N - 1, 1
for n in range(1, 14):
    new = S * (1 - math.exp(-k * I / N))
    S, I = S - new, new
    print(n, round(N - S))
```

`S` ಇನ್ನೂ ನೋಡದವರು, `I` ಈಗಷ್ಟೇ ನೋಡಿದವರು, ತೆರೆಯ ಮೇಲೆ ಬರುವುದು ಅಲ್ಲಿಯವರೆಗೆ ನೋಡಿದವರ ಒಟ್ಟು. ಓಡಿಸಿ ನೋಡಿ. ಏಳನೇ ಸುತ್ತಿನವರೆಗೆ ಗುಣಾಕಾರಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಒಂಬತ್ತರ ಕೊನೆಗೆ ಮಾತ್ರ ಸುಮಾರು 1.2 ಲಕ್ಷ ಜನ ನೋಡದೆ ಉಳಿದಿರುತ್ತಾರೆ, ಹತ್ತಕ್ಕೆ 12 ಸಾವಿರ. ಹನ್ನೆರಡು ದಾಟಿದ ಮೇಲೆ ಸುಮಾರು 6,300ರಲ್ಲಿ ನಿಂತುಬಿಡುತ್ತದೆ. ಅವರಿಗೆ ಎಂದೂ ಮುಟ್ಟುವುದಿಲ್ಲ, ಏಕೆಂದರೆ ಕಳಿಸುವವರೆಲ್ಲ ಆಗಲೇ ಕಳಿಸಿ ಮುಗಿಸಿದ್ದಾರೆ. ಹಾಗಾಗಿ "ಪೂರ್ತಿ" ಎನ್ನುವುದಕ್ಕೆ ಉತ್ತರವೇ ಇಲ್ಲ. 99% ಜನಕ್ಕೆ ಹನ್ನೊಂದು ಸುತ್ತು ಸಾಕು. ನಮ್ಮ ಬಳಗಗಳು ನಿಜವಾಗಿ ಇನ್ನೂ ಒತ್ತಾಗಿರುತ್ತವೆ: ಅತ್ತೆ, ಚಿಕ್ಕಪ್ಪ, ಬೀಗರು ಎಲ್ಲ ಒಂದೇ ಫ್ಯಾಮಿಲಿ ಗ್ರೂಪಿನಲ್ಲಿ. ಒಂದೇ ಮೆಸೇಜು ನಿಮಗೆ ಮೂರು ಕಡೆಯಿಂದ ಬಂದಿತೆಂದರೆ ನಿಮ್ಮ ಬಳಗದಲ್ಲಿ ಅದು ತುಂಬಿಹೋಗಿದೆ ಎಂದರ್ಥ, ಊರಿನ ಆಚೆ ಬದಿಗೆ ಇನ್ನೂ ಹೋಗಿರಲಿಕ್ಕಿಲ್ಲ.

ಇದಕ್ಕಿಂತ ದೊಡ್ಡ ತೊಡಕು, ಎಲ್ಲರೂ ಕಳಿಸುವುದಿಲ್ಲ. ನೋಡಿದ ನಾಲ್ವರಲ್ಲಿ ಒಬ್ಬರು ಮಾತ್ರ ಐವರಿಗೆ ಕಳಿಸಿದರೆ, ತಲಾ ಸರಾಸರಿ 5 × ¼ = 1.25 ಹೊಸ ಮೆಸೇಜು. ಆಗ ಸುತ್ತು ನಲವತ್ತನ್ನು ದಾಟುತ್ತದೆ, ಅಷ್ಟಾದರೂ ಊರಿನ ಸುಮಾರು 37% ಜನಕ್ಕೇ ಮಿತಿ. ಅದೂ ಸರಪಳಿ ಮಧ್ಯೆ ಕಡಿಯದಿದ್ದರೆ. ಮೊದಲ ಐವರಿಂದಲೇ ಶುರುವಾದರೆ ಅದು ಆರಂಭದಲ್ಲೇ ಸತ್ತುಹೋಗುವ ಸಾಧ್ಯತೆ ಅರ್ಧಕ್ಕೂ ಹೆಚ್ಚು. ಐವರಲ್ಲಿ ಒಬ್ಬರು ಮಾತ್ರ ಕಳಿಸುವ ಮಟ್ಟಕ್ಕೆ ಇಳಿದರೆ ಸರಾಸರಿ 1. ಅಲ್ಲಿಂದ ಕೆಳಗೆ ಯಾವ ಮೆಸೇಜೂ ಊರು ಹಬ್ಬದು.

ವಾಟ್ಸಾಪ್‌ನ ಮಿತಿಯೂ ಈ ಸರಾಸರಿಯ ಮೇಲೆಯೇ ಕೆಲಸ ಮಾಡುತ್ತದೆ. ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಯಿಂದ ಜನ ಹೊಡೆದು ಕೊಂದ ಘಟನೆಗಳಾದ 2018ರಲ್ಲಿ, ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗೆ ಎಂಬ ನಿಯಮ ಬಂತು. ಐದು ಕೈ ದಾಟಿ ಬಂದ ಮೆಸೇಜಿಗೆ ಜೋಡಿ ಬಾಣದ ಗುರುತು ಇರುತ್ತದೆ, 2020ರ ಏಪ್ರಿಲ್‌ನಿಂದ ಅದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಮೇಲಿನ ಲೆಕ್ಕದಲ್ಲೇ ಐದನೇ ಸುತ್ತಿನ ನಂತರ 5ರ ಬದಲು 1 ಹಾಕಿದರೆ, 3,125ರಿಂದ ಮುಂದೆ ಜಿಗಿತವೇ ಇಲ್ಲ, ಪುನರಾವರ್ತನೆ ಸೇರಿಸಿದರೆ ಮೈಸೂರಿನ ಸುಮಾರು 8% ಜನಕ್ಕೆ ತಲುಪಿ ಆರಿಹೋಗುತ್ತದೆ.

ಈ ತಡೆಗೆ ಎರಡು ಸೋರಿಕೆಗಳಿವೆ. ಒಂದು ಚಾಟ್ ಎಂದರೆ ಒಬ್ಬರೇ ಆಗಬೇಕಿಲ್ಲ, ಇನ್ನೂರು ಜನರ ಗ್ರೂಪೂ ಆಗಬಹುದು. ಇನ್ನೊಂದು, ಪಠ್ಯವನ್ನು ಕಾಪಿ ಮಾಡಿ ಹೊಸದಾಗಿ ಅಂಟಿಸಿದರೆ ಬಾಣದ ಗುರುತು ಹೋಗಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಹಾಗಾಗಿ ಬಾಣ ಇಲ್ಲ ಎಂಬ ಕಾರಣಕ್ಕೆ ಮೆಸೇಜು ಹೊಸದೆಂದು ನಂಬಬೇಡಿ.

ನೀರು ಬರುವುದಿಲ್ಲ ಎಂಬಂಥ ನಿಜವಾದ ಸೂಚನೆಯನ್ನು ಹರಡಬೇಕಿದ್ದರೆ, ಐವರ ಬದಲು ಪರಸ್ಪರ ಪರಿಚಯವಿಲ್ಲದ ಇಪ್ಪತ್ತೈದು ಜನರಿಗೆ, ಬೇರೆ ಬೇರೆ ಬಡಾವಣೆಗಳಲ್ಲಿ, ಮೊದಲೇ ಕಳಿಸಿ. ಎಲ್ಲರೂ ಕಳಿಸುವ ಊರಿನಲ್ಲಿ ಇದರಿಂದ ಉಳಿತಾಯವಾಗುವುದು ಒಂದು ಸುತ್ತು ಮಾತ್ರ. ಆದರೆ ನಾಲ್ವರಲ್ಲಿ ಒಬ್ಬರೇ ಕಳಿಸುವ ಊರಿನಲ್ಲಿ ಸರಪಳಿ ಶುರುವಿಗೇ ಕಡಿಯುವ ಸಾಧ್ಯತೆ 55%ರಿಂದ ಸುಮಾರು 5%ಗೆ ಇಳಿಯುತ್ತದೆ.