ಚೆಕ್‌ನಲ್ಲಿ 3,07,045.50 ಅಂತಿದ್ದರೆ ಅಕ್ಷರದಲ್ಲಿ ಹೇಗೆ ಬರೆಯೋದು? ನಡುವಿನ ಸೊನ್ನೆಗಳನ್ನು ಏನು ಮಾಡಬೇಕು?

‘ಮೂರು ಲಕ್ಷದ ಏಳು ಸಾವಿರದ ನಲವತ್ತೈದು ರೂಪಾಯಿ ಐವತ್ತು ಪೈಸೆ ಮಾತ್ರ’ ಎಂದು ಬರೆಯಿರಿ. ರೂಪಾಯಿ ಭಾಗದಲ್ಲಿ ಬಲದಿಂದ ಮೊದಲು ಮೂರು ಅಂಕಿ, ಆಮೇಲೆ ಎರಡೆರಡಕ್ಕೆ ಅಲ್ಪವಿರಾಮ ಹಾಕಿಕೊಂಡರೆ ಸಾವಿರ, ಲಕ್ಷ, ಕೋಟಿ ತಾವಾಗಿಯೇ ಬೇರೆಯಾಗುತ್ತವೆ. ಎಡದಿಂದ ಒಂದೊಂದೇ ಗುಂಪನ್ನು ಓದಿ ಅದರ ಹೆಸರು ಸೇರಿಸಿದರಾಯಿತು. ಸೊನ್ನೆ ಸ್ಥಾನವನ್ನಷ್ಟೇ ಕಾಯುತ್ತದೆ, ಓದಿನಲ್ಲಿ ಬರುವುದಿಲ್ಲ. 045ರಲ್ಲಿ ನೂರರ ಮಾತೇ ಇಲ್ಲ. ಅವಸರದಲ್ಲಿ ಅದು ‘ನಾನೂರ ಐವತ್ತು’ ಆಗಿಬಿಡುತ್ತದೆ.

ಕೊನೆಯ ‘ಮಾತ್ರ’ ಬಿಡಬೇಡಿ, ಮುಂದೆ ಯಾರೂ ಪದ ಸೇರಿಸದಂತೆ ಅಲ್ಲೇ ಗೆರೆ ಎಳೆಯಿರಿ. ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಂತೆ ಅಕ್ಷರದ ಮೊತ್ತವೇ ಲೆಕ್ಕ. ಆದರೂ ಬ್ಯಾಂಕಿನವರು ಇಂಥ ಚೆಕ್ಕನ್ನು ವಾಪಸ್ ಕಳಿಸುವುದೇ ಹೆಚ್ಚು. ಚೆಕ್‌ನಲ್ಲಿ ಮೊತ್ತ ತಪ್ಪಾದರೆ ತಿದ್ದಲು ಹೋಗದೆ ಹೊಸ ಹಾಳೆ ಬರೆಯಿರಿ.