ಓರೆಮ್ ಬರೆಯಲಾ, ರಾಯ್ ಬರೆಯಲಾ?

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಓದ್ತಿದ್ದೀನಿ. ಶುಗರ್ ಇರೋ ಒಬ್ಬ ರೋಗಿಯನ್ನು ತಗೊಂಡು ಥಿಯರಿ ಅಪ್ಲೈ ಮಾಡಿ ಕೇಸ್ ಸ್ಟಡಿ ಬರೀಬೇಕು. ಓರೆಮ್ ಅವರ ಸೆಲ್ಫ್ ಕೇರ್ ಡೆಫಿಸಿಟ್, ರಾಯ್ ಅವರ ಅಡಾಪ್ಟೇಶನ್ ಎರಡೂ ಓದಿದೆ, ಒಂದೇ ಥರ ಅನ್ನಿಸುತ್ತೆ. ಯಾವುದನ್ನು ಆರಿಸಲಿ, ಹೇಗೆ ಬರೀಲಿ?

ಟೇಬಲ್ ತುಂಬಿಸೋಕೆ ಕೂತರೆ ಎರಡೂ ಒಂದೇ ಥರ ಕಾಣುತ್ತವೆ, ಅದು ನಿಮ್ಮ ತಪ್ಪಲ್ಲ. ಎರಡರಲ್ಲೂ ಕೊನೆಗೆ ಊಟ, ನೀರು, ನಿದ್ದೆ, ಮಲಮೂತ್ರ ಅಂತಲೇ ಬರೆಯುತ್ತೀರಿ. ವ್ಯತ್ಯಾಸ ಇರುವುದು ರೋಗಿಯ ಮುಂದೆ ನಿಂತು ಮೊದಲು ಏನು ಕೇಳುತ್ತೀರಿ ಅನ್ನುವುದರಲ್ಲಿ. ಡೊರೊಥಿಯಾ ಓರೆಮ್ ಅವರನ್ನು ಕಾಡಿದ ಪ್ರಶ್ನೆ, ಒಬ್ಬ ಮನುಷ್ಯನಿಗೆ ನರ್ಸ್ ಬೇಕಾಗುವುದು ಯಾವಾಗ ಎಂಬುದು. ಅವನಿಗೆ ಈಗ ಬೇಕಾಗಿರುವ ಆರೈಕೆ ಅವನ ಕೈಲಾಗುವುದಕ್ಕಿಂತ ಹೆಚ್ಚಾದಾಗ ಎಂದು 1971ರ ಪುಸ್ತಕದಲ್ಲಿ ಅವರು ವಿಸ್ತಾರವಾಗಿ ಬರೆದರು. ಸಿಸ್ಟರ್ ಕ್ಯಾಲಿಸ್ಟಾ ರಾಯ್ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವರು. ಕಾಯಿಲೆ ಬಿದ್ದ ಮಕ್ಕಳು ಎಷ್ಟು ಬೇಗ ಬದಲಾವಣೆಗೆ ಒಗ್ಗಿಕೊಳ್ಳುತ್ತವೆ ಎಂದು ನೋಡಿ, 1964ರಲ್ಲಿ ಓದುತ್ತಿದ್ದಾಗ ತಮ್ಮ ಮಾದರಿಯನ್ನು ಶುರುಮಾಡಿದರು. ಅವರ ಪ್ರಶ್ನೆ, ಈ ಮನುಷ್ಯ ಯಾವುದಕ್ಕೆ ಹೀಗೆ ಪ್ರತಿಕ್ರಿಯಿಸುತ್ತಿದ್ದಾನೆ ಎಂಬುದು.

ನಾನು ವಾರ್ಡ್ ಸಿಸ್ಟರ್ ಆಗಿದ್ದಾಗಿನ ಒಂದು ಕೇಸ್ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಐವತ್ತೆಂಟು ವರ್ಷದ ಟೈಲರ್. ಹನ್ನೆರಡು ವರ್ಷದಿಂದ ಶುಗರ್, ಬಲ ಅಂಗಾಲಿನ ಮುಂಭಾಗದಲ್ಲಿ ಹುಣ್ಣು. ಹುಣ್ಣು ಕೆರೆದು ಶುಚಿಮಾಡಿ, ಮಿಕ್ಸ್ ಇನ್ಸುಲಿನ್ ಬೆಳಿಗ್ಗೆ 20 ಯೂನಿಟ್, ರಾತ್ರಿ 12 ಯೂನಿಟ್ ಅಂತ ಬರೆದು ಕಳಿಸಿದ್ದರು. ಎರಡು ವಾರಕ್ಕೆ ಒಪಿಡಿಗೆ ಬಂದರು, ಶುಗರ್ ಇಳಿದಿರಲಿಲ್ಲ. ಬೆಳಗಿನ ಡೋಸ್ 30ಕ್ಕೆ ಏರಿತು. ಮತ್ತೊಂದು ವಾರಕ್ಕೆ ಖಾಲಿಹೊಟ್ಟೆ ಶುಗರ್ 340 ಆಗಿ, ಹುಣ್ಣು ದೊಡ್ಡದಾಗಿ ಅಡ್ಮಿಟ್ ಆದರು. ಕೇಸ್ ಷೀಟಿನಲ್ಲಿ ‘ರೋಗಿ ಹೇಳಿದಂತೆ ಕೇಳುತ್ತಿಲ್ಲ’ ಎಂಬ ಸಾಲು. ನಮ್ಮವರೇ ಬರೆದದ್ದು. ಸ್ಟೂಡೆಂಟ್ ಒಬ್ಬಳು ಓರೆಮ್ ಟೇಬಲ್ ಹಾಕಿ ‘ತಿಳಿವಳಿಕೆಯ ಕೊರತೆ’ ಎಂದು ಬರೆದು ಚಾರ್ಟ್ ತೋರಿಸಿ ಪಾಠ ಮಾಡಿದಳು. ಅವರು ತಲೆಯಾಡಿಸಿ ಕೇಳಿಸಿಕೊಂಡರು.

ಓರೆಮ್‌ರನ್ನು ಸರಿಯಾಗಿ ಬಳಸುವುದೆಂದರೆ ಲೆಕ್ಕ ಹಾಕುವುದು. ಒಂದು ಕಡೆ ಬೇಡಿಕೆ: ಇನ್ಸುಲಿನ್ ವಿಷಯದಲ್ಲಿ ಈ ಮನುಷ್ಯ ದಿನಾ ಏನೇನು ಮಾಡಬೇಕು? ಬಾಟಲಿಗೆ ಹೊಂದುವ ಸಿರಿಂಜ್ ತರಬೇಕು, ಬಾಟಲಿಯನ್ನು ಕುಲುಕದೆ ಅಂಗೈಗಳ ನಡುವೆ ಉರುಳಿಸಬೇಕು, ಗೆರೆ ನೋಡಿ ಎಳೆಯಬೇಕು, ಚುಚ್ಚಿ ಅರ್ಧ ಗಂಟೆಯೊಳಗೆ ಊಟ ಮಾಡಬೇಕು, ಬೆವರಿ ನಡುಕ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು, ರಾತ್ರಿ ಅಂಗಾಲು ನೋಡಿಕೊಳ್ಳಬೇಕು. ಇನ್ನೊಂದು ಕಡೆ ಸಾಮರ್ಥ್ಯ: ಇದರಲ್ಲಿ ಯಾವುದು ಅವರ ಕೈಲಾಗುತ್ತದೆ? ಇದನ್ನು ಬಾಯಿಮಾತಿನಲ್ಲಿ ಕೇಳಿದರೆ ಎಲ್ಲದಕ್ಕೂ ‘ಆಗುತ್ತೆ ಸಿಸ್ಟರ್’ ಅಂತಲೇ ಬರುತ್ತದೆ. ನಾನು ಅವರ ಚೀಲ ತರಿಸಿ, ‘ಮನೆಯಲ್ಲಿ ಹೇಗೆ ಎಳೀತೀರೋ ಹಾಗೇ ಎಳೆದು ತೋರಿಸಿ’ ಅಂದೆ.

ಚೀಲದಿಂದ ಹೊರಬಂದದ್ದು ಕಿತ್ತಳೆ ಮುಚ್ಚಳದ ಸಿರಿಂಜ್. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆಯದು 100 ಯೂನಿಟ್‌ನ ಇನ್ಸುಲಿನ್‌ಗೆ. ಮೆಡಿಕಲ್ ಶಾಪಿನಲ್ಲಿ ಕೆಂಪು ಮುಗಿದಿತ್ತು, ಇದ್ದದ್ದನ್ನು ಕೊಟ್ಟಿದ್ದರು. ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 0.2 ಮಿ.ಲೀ. ಬರುತ್ತದೆ, 40ರ ಬಾಟಲಿಯಿಂದ ಅಷ್ಟು ಎಳೆದರೆ ಸಿಗುವುದು ಬರೀ 8 ಯೂನಿಟ್. ಏರಿಸಿದ 30 ಅವರ ಮೈಗೆ ಸೇರಿದ್ದು 12 ಆಗಿ. ಅವರು ಒಂದು ದಿನವೂ ತಪ್ಪಿಸಿರಲಿಲ್ಲ.

ಎರಡನೆಯದು ಕಣ್ಣು. ಬಾಟಲಿ ಹಿಡಿದ ಅವರ ಕೈ ನಮ್ಮ ಸ್ಟಾಫಿಗಿಂತ ಸ್ಥಿರ, ಹೊಲಿಗೆಯ ಕೈ. ಆದರೆ ಗೆರೆ ಕಾಣುತ್ತಿರಲಿಲ್ಲ, ಅಂದಾಜಿನಲ್ಲಿ ನಿಲ್ಲಿಸುತ್ತಿದ್ದರು. ಮೂರನೆಯದು ಅಂಗಾಲು: ಬಗ್ಗಿ ನೋಡಲಾಗದು, ಮುಟ್ಟಿದರೆ ತಿಳಿಯದು. ಹೀಗೆ ದೊಡ್ಡ ‘ತಿಳಿವಳಿಕೆಯ ಕೊರತೆ’ ಹೋಗಿ ಮೂರು ಸಣ್ಣ ಕೊರತೆಗಳು ಉಳಿದವು. ಪಾಠದಿಂದ ಪರಿಹಾರವಾಗುವುದು ಸಿರಿಂಜಿನದು ಮಾತ್ರ.

ಇಲ್ಲಿ ಒಂದು ಅಪಾಯವಿದೆ, ಯಾವ ಟೇಬಲ್ಲಿನಲ್ಲೂ ಬರುವುದಿಲ್ಲ. ತಪ್ಪು ಗೊತ್ತಾದ ತಕ್ಷಣ ಕೆಂಪು ಸಿರಿಂಜ್ ಕೊಟ್ಟು 30ಕ್ಕೆ ಎಳೆಸಿದರೆ, 12 ಹೋಗುತ್ತಿದ್ದ ಮೈಗೆ ಒಮ್ಮೆಲೇ 30 ಹೋಗುತ್ತದೆ. ಎರಡೂವರೆ ಪಟ್ಟು. ಶುಗರ್ ಕುಸಿದು ಬಿದ್ದುಬಿಡಬಹುದು. ಅದಕ್ಕೇ ಮೊದಲು ಡಾಕ್ಟರಿಗೆ ಹೇಳಿ, ನಿಜವಾಗಿ ಹೋಗುತ್ತಿದ್ದ ಡೋಸ್ ಎಷ್ಟು ಎಂದು ಲೆಕ್ಕ ತೋರಿಸಿದೆ. ಅವರು ಡೋಸ್ ತಗ್ಗಿಸಿ, ವಾರ್ಡಿನಲ್ಲೇ ಶುಗರ್ ನೋಡುತ್ತಾ ಮೆಲ್ಲಗೆ ಏರಿಸಿದರು.

ಈಗ ನರ್ಸಿಂಗ್ ಸಿಸ್ಟಮ್. ನರ್ಸ್ ನೆರವಾಗುವ ಬಗೆಯನ್ನು ಓರೆಮ್ ಮೂರಾಗಿ ಹೇಳುತ್ತಾರೆ: ಪೂರ್ತಿ ನೆರವು, ಭಾಗಶಃ ನೆರವು, ಬೆಂಬಲ ಮತ್ತು ಕಲಿಕೆ. ಇದರಲ್ಲಿ ಒಂದನ್ನು ರೋಗಿಗೆ ಹಣೆಪಟ್ಟಿಯಂತೆ ಅಂಟಿಸಬೇಡಿ. ಒಬ್ಬನೇ ರೋಗಿಗೆ ಒಂದಕ್ಕಿಂತ ಹೆಚ್ಚು ಬೇಕಾಗಬಹುದು. ಇವರ ಹುಣ್ಣಿನ ಡ್ರೆಸ್ಸಿಂಗ್ ನಾವು ಮಾಡುತ್ತಿದ್ದೆವು, ಕಾಲಿಗೆ ಭಾರ ಹಾಕದಿರುವುದು ಅವರ ಪಾಲು. ಇದು ಭಾಗಶಃ ನೆರವು. ಸಿರಿಂಜಿನ ಬಣ್ಣ, ಬಾಟಲಿಯ ಮೇಲಿನ 40 ಅಂಕಿ, ಸಕ್ಕರೆ ನೀರು, ಇವು ಬೆಂಬಲ ಮತ್ತು ಕಲಿಕೆ. ಗೆರೆ ಮತ್ತು ಅಂಗಾಲು ನೋಡುವ ಕೆಲಸ ಹೆಂಡತಿಗೆ. ಓರೆಮ್ ಭಾಷೆಯಲ್ಲಿ ಆಕೆ ಅವಲಂಬಿತರ ಆರೈಕೆ ಮಾಡುವವರು, ಹಾಗಾಗಿ ಆಕೆಯ ಸಾಮರ್ಥ್ಯವನ್ನೂ ಅಳೆಯಬೇಕು. ಆಕೆಗೆ ಕಣ್ಣು ಚೆನ್ನಾಗಿತ್ತು, ಅಂಕಿ ಓದಲು ಬರುತ್ತಿರಲಿಲ್ಲ. ಸೂಜಿ ತೆಗೆದ ಎರಡು ಕೆಂಪು ಸಿರಿಂಜಿಗೆ ಡೋಸಿನ ಗೆರೆಯಲ್ಲಿ ಟೇಪ್ ಸುತ್ತಿ ಕೊಟ್ಟೆವು, ಬೆಳಗಿನದಕ್ಕೆ ಬಿಳಿ, ರಾತ್ರಿಯದಕ್ಕೆ ನೀಲಿ. ಪಕ್ಕದಲ್ಲಿಟ್ಟು ಸರಿಹೊಂದಿಸಿದರಾಯಿತು. ಡೋಸ್ ಬದಲಾದ ದಿನ ಹಳೆ ಟೇಪಿನ ಸಿರಿಂಜ್ ಕಿತ್ತುಕೊಳ್ಳಲೇಬೇಕು, ಇಲ್ಲದಿದ್ದರೆ ಅದೇ ವಿಷ. ಮೌಲ್ಯಮಾಪನಕ್ಕೆ ‘ಅರ್ಥವಾಯಿತು ಎಂದರು’ ಅಂತ ಬರೆಯಬೇಡಿ. ಎರಡು ದಿನ, ನಾವು ಬಾಯಿ ಬಿಡದೆ, ಇಬ್ಬರೂ ಸೇರಿ ಪ್ರತಿ ಸಲ ಸರಿಯಾಗಿ ಎಳೆದು ತೋರಿಸಿದರು ಅಂತ ನಾನು ಬರೆದೆ.

ಶುಗರ್ ಹಿಡಿತಕ್ಕೆ ಬಂತು. ಆದರೆ ಡಿಸ್ಚಾರ್ಜ್ ಆದಮೇಲೆ ಹುಣ್ಣು ಮಾತ್ರ ಮಾಯಲೊಲ್ಲದು. ಕಾಲಿಗೆ ಭಾರ ಹಾಕಬಾರದೆಂದು ಅವರಿಗೆ ಗೊತ್ತು, ಸುಮ್ಮನೆ ಕೂರಲು ಅಡ್ಡಿಯೂ ಇಲ್ಲ. ಓರೆಮ್ ಲೆಕ್ಕದಲ್ಲಿ ಕೊರತೆಯೇ ಕಾಣುವುದಿಲ್ಲ. ಆದರೂ ಮನೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದರು, ಅದೂ ಹುಣ್ಣಿರುವ ಅಂಗಾಲಿನ ಆ ಭಾಗದಿಂದಲೇ. ಇಲ್ಲಿ ರಾಯ್ ಬೇಕು. ಮನುಷ್ಯನ ವರ್ತನೆಯ ಹಿಂದಿರುವ ಪ್ರಚೋದನೆಗಳನ್ನು ಅವರು ಮೂರು ಬಗೆಯಾಗಿ ನೋಡುತ್ತಾರೆ: ನೇರವಾದದ್ದು, ಸುತ್ತಲಿನದು, ಒಳಗೆ ಉಳಿದದ್ದು. ಇವರಿಗೆ ನೇರ ಪ್ರಚೋದನೆ ‘ತುಳಿಯಬೇಡ’ ಎಂಬ ಆಜ್ಞೆ. ಸುತ್ತಲಿನದು ಮದುವೆ ಸೀಸನ್ನು, ಮುಂಗಡ ಪಡೆದ ಬ್ಲೌಸುಗಳು. ಒಳಗೆ ಉಳಿದದ್ದು, ಕಾಲು ಕಳೆದುಕೊಂಡು ಮೂಲೆ ಸೇರಿದ ಅವರ ತಂದೆಯ ನೆನಪು. ಪೆಟ್ಟು ಬಿದ್ದಿದ್ದು ದೇಹಕ್ಕಷ್ಟೇ ಅಲ್ಲ, ದುಡಿಯುವ ಯಜಮಾನನ ಪಾತ್ರಕ್ಕೆ. ಪ್ರಚೋದನೆಯನ್ನೇ ಬದಲಿಸಿದೆವು: ಮೆಷಿನ್ನಿಗೆ ಮೋಟಾರ್ ಹಾಕಿಸಿ, ಅದರ ಸಣ್ಣ ಪೆಡಲನ್ನು ಎಡಗಾಲಿನ ಕಡೆ ಇಡಿಸಿದರು ಅವರ ಮಗ.

ಓರೆಮ್ ಪಕ್ಷದವರು, ಕಾಯಿಲೆಯಿಂದ ಬರುವ ಅಗತ್ಯಗಳಲ್ಲಿ ತನ್ನ ಬಗ್ಗೆ ತನಗಿರುವ ಕಲ್ಪನೆಯನ್ನು ಬದಲಿಸಿಕೊಳ್ಳುವುದೂ ಸೇರಿದೆಯಲ್ಲ ಎನ್ನಬಹುದು. ಸೇರಿದೆ. ಆದರೆ ಅದನ್ನು ಹುಡುಕುವ ದಾರಿ ರಾಯ್‌ರಲ್ಲಿ ಹೆಚ್ಚು ಸಲೀಸು ಅಂತ ನನ್ನ ಅನುಭವ. ಹಾಗಂತ ಒಂದೇ ಟೇಬಲ್ಲಿನಲ್ಲಿ ಇಬ್ಬರನ್ನೂ ಬೆರೆಸಬೇಡಿ, ವೈವಾದಲ್ಲಿ ಸಿಕ್ಕಿಬೀಳುತ್ತೀರಿ. ಒಂದನ್ನು ಪೂರ್ತಿ ಮಾಡಿ, ಅದಕ್ಕೆ ಸಿಗದೆ ಉಳಿದದ್ದನ್ನು ಚರ್ಚೆಯ ಭಾಗದಲ್ಲಿ ಬರೆಯಿರಿ. ನಿಮ್ಮ ರೋಗಿಯ ಕೈಗೆ ನಾಳೆ ಸಿರಿಂಜ್ ಕೊಟ್ಟು ಎಳೆಸಿ ನೋಡಿ. ಎಳೆಯಲಾಗದಿದ್ದರೆ ಓರೆಮ್. ಸರಿಯಾಗಿ ಎಳೆದೂ ಮನೆಯಲ್ಲಿ ಹಾಕಿಕೊಳ್ಳುತ್ತಿಲ್ಲವಾದರೆ ರಾಯ್.