ಹಳೆಯ ವಿದ್ಯಾರ್ಥಿಗಳ ಗುಂಪಿಗೆ ಈ ಎರಡರಲ್ಲಿ ಯಾವ ಕ್ಯಾಪ್ಶನ್ ಹಾಕಲಿ?

ಪ್ರಶ್ನೆ: ಧಾರವಾಡದ ನಮ್ಮ ಕಾಲೇಜಿನಲ್ಲಿ ಓದಿ ಈಗ ಮುಂಬೈ-ಪುಣೆ ಕಡೆ ಇರುವವರ ಸ್ನೇಹಕೂಟ ಪುಣೆಯಲ್ಲಿ ನಡೆಯಿತು. ಗ್ರೂಪ್ ಫೋಟೋಕ್ಕೆ ಎರಡು ಕ್ಯಾಪ್ಶನ್ ಬರೆದಿದ್ದೇನೆ. 240 ಜನ ಇರುವ ವಾಟ್ಸ್ಆ್ಯಪ್ ಗುಂಪಿಗೆ, ಇನ್‌ಸ್ಟಾಗ್ರಾಂ ಪುಟಕ್ಕೆ ಯಾವುದು ಒಪ್ಪುತ್ತದೆ?

ಅ) "ಕಾಲ ಸರಿದರೂ ಸ್ನೇಹ ಸರಿಯಲಿಲ್ಲ! ನಿನ್ನೆ ಪುಣೆಯಲ್ಲಿ ಧಾರವಾಡದ ಮಣ್ಣಿನ ಘಮ. ಹಾಸ್ಟೆಲ್ ಮೆಸ್ಸಿನ ಆ ಸಾರು ಯಾರಿಗೆ ನೆನಪಿದೆ? ಬಂದವರಿಗೆಲ್ಲ ಧನ್ಯವಾದ, ಬಾರದವರು ಮಿಸ್ ಮಾಡಿಕೊಂಡಿರಿ!"

ಆ) "ದಿನಾಂಕ 18-01-2026ರಂದು ಪುಣೆಯ ಗಣೇಶನಗರದಲ್ಲಿ ನಮ್ಮ ಮಹಾವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಸ್ನೇಹಕೂಟ ಜರುಗಿತು. 1981ರಿಂದ 2008ರವರೆಗಿನ ಬ್ಯಾಚ್‌ಗಳ 46 ಜನ ಪಾಲ್ಗೊಂಡಿದ್ದರು. ಭೌತಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು ಮುಖ್ಯ ಅತಿಥಿಗಳಾಗಿದ್ದರು. ವಿದ್ಯಾರ್ಥಿ ಸಹಾಯ ನಿಧಿಗೆ ₹62,000 ಸಂಗ್ರಹವಾಯಿತು. ಉಪಾಧ್ಯಕ್ಷರು ಸ್ವಾಗತಿಸಿದರು, ಕಾರ್ಯದರ್ಶಿ ವಂದಿಸಿದರು."

ಊಟಕ್ಕೆ ಮುಂಚೆ ಸರ್ ಎದ್ದು ನಿಂತು ಹಾಜರಿ ಕರೆದರು, ಎಲ್ಲ ಬ್ಯಾಚಿನವರೂ "ಪ್ರೆಸೆಂಟ್ ಸರ್" ಅಂದರು. ಜಾಗ ಸಾಲದೆ ಅದನ್ನು ಎರಡರಲ್ಲೂ ಬಿಟ್ಟಿದ್ದೇನೆ.

ಉತ್ತರ:

ಎರಡರಲ್ಲಿ ಒಂದನ್ನೇ ಆರಿಸಿ ಅಂದರೆ "ಆ" ಅನ್ನುತ್ತೇನೆ. ಆದರೆ ಇದ್ದ ಹಾಗೇ ಹಾಕಬೇಡಿ. ನೀವು ಜಾಗ ಸಾಲದೆ ಬಿಟ್ಟ ಹಾಜರಿಯ ಮಾತೇ ಈ ಫೋಟೋದ ನಿಜವಾದ ಕ್ಯಾಪ್ಶನ್. ಯಾಕೆ ಅಂತ ಹೇಳುತ್ತೇನೆ.

ಮೊದಲು ಓದುವವರು ಯಾರು ಅನ್ನುವುದನ್ನು ನೋಡೋಣ. ಗುಂಪಿನಲ್ಲಿ 240 ಜನ, ಬಂದವರು 46. ಅಂದರೆ ಐವರಲ್ಲಿ ನಾಲ್ವರು ಆ ಫೋಟೋದಲ್ಲಿ ಇಲ್ಲ. ಅಷ್ಟೇ ಅಲ್ಲ, 1981ರಲ್ಲಿ ಕಾಲೇಜು ಬಿಟ್ಟವರಿಗೂ 2008ರಲ್ಲಿ ಬಿಟ್ಟವರಿಗೂ ಪರಸ್ಪರ ಮುಖಪರಿಚಯ ಕೂಡ ಇರುವುದಿಲ್ಲ. ಒಂದೇ ಬ್ಯಾಚಿನ ಗುಂಪು ಅಂದರೆ ಗೆಳೆಯರ ಗುಂಪು. ಎಲ್ಲ ವರ್ಷಗಳ ಹಳೆಯ ವಿದ್ಯಾರ್ಥಿಗಳ ಗುಂಪು ಅಂದರೆ ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಕಾಲದಲ್ಲಿ ಕೂತಿದ್ದ ಅಪರಿಚಿತರು. ಇಂಥ ಗುಂಪಿಗೆ ಬರೆಯುವ ಕ್ಯಾಪ್ಶನ್ ಫೋಟೋದಲ್ಲಿ ಇಲ್ಲದವರಿಗೂ "ಇದು ನಮ್ಮದು" ಅನ್ನಿಸಬೇಕು. ಎರಡೂ ಕರಡನ್ನು ನಾನು ಅಳೆಯುವುದು ಇದರಿಂದಲೇ.

"ಅ" ಕರಡಿನಲ್ಲಿ ಕಾಲೇಜಿನ ಗುರುತು ಎಷ್ಟಿದೆ ಅಂತ ಪರೀಕ್ಷಿಸುವುದು ಸುಲಭ. ಒಂದೊಂದೇ ವಾಕ್ಯ ಎತ್ತಿಕೊಂಡು, ಇದನ್ನು ಬೇರೆ ಕಾಲೇಜಿನವರು ಹಾಕಿದರೂ ನಡೆಯುತ್ತದಾ ಅಂತ ಕೇಳಿಕೊಳ್ಳಿ. "ಕಾಲ ಸರಿದರೂ ಸ್ನೇಹ ಸರಿಯಲಿಲ್ಲ" ಯಾವ ಊರಿನ ಯಾವ ಕಾಲೇಜಿಗೂ ನಡೆಯುತ್ತದೆ. "ಧಾರವಾಡದ ಮಣ್ಣಿನ ಘಮ" ಧಾರವಾಡದ ಎಲ್ಲ ಕಾಲೇಜುಗಳಿಗೂ ನಡೆಯುತ್ತದೆ, ಆ ಊರಿನಲ್ಲಿ ಕಾಲೇಜುಗಳಿಗೇನು ಬರವೇ? ಉಳಿದದ್ದು ಮೆಸ್ಸಿನ ಸಾರು ಒಂದೇ. ಅದರಲ್ಲಿ ಜೀವ ಇದೆ, ನಿಜ. ಆದರೆ ಅದು ಹಾಸ್ಟೆಲಿನಲ್ಲಿ ಇದ್ದವರಿಗೆ ಮಾತ್ರ ಗೊತ್ತು. ಹುಬ್ಬಳ್ಳಿಯಿಂದ ದಿನಾ ಬಸ್ಸು ಹತ್ತಿ ಬರುತ್ತಿದ್ದವರು, ಊರಿನ ಮನೆಯಿಂದಲೇ ಬರುತ್ತಿದ್ದವರು, ಬೇರೆ ಹಾಸ್ಟೆಲಿನಲ್ಲಿದ್ದ ಹುಡುಗಿಯರು ಆ ಸಾಲಿನಿಂದ ಹೊರಗೇ ಉಳಿಯುತ್ತಾರೆ.

ಅದಕ್ಕಿಂತ ದೊಡ್ಡ ತೊಂದರೆ ಕೊನೆಯ ವಾಕ್ಯದ್ದು. "ಬಾರದವರು ಮಿಸ್ ಮಾಡಿಕೊಂಡಿರಿ" ಅನ್ನುವುದನ್ನು ನೀವು ಪ್ರೀತಿಯಿಂದಲೇ ಬರೆದಿದ್ದೀರಿ. ಓದುವ 194 ಜನರಲ್ಲಿ ಯಾರದೋ ಮನೆಯಲ್ಲಿ ಕಾಯಿಲೆ ಇರುತ್ತದೆ, ಯಾರಿಗೋ ಡೊಂಬಿವಲಿಯಿಂದ ಪುಣೆಗೆ ಬಂದು ಹೋಗುವುದು ಆಗಿರುವುದಿಲ್ಲ, ಯಾರಿಗೋ ತಲಾ ಕೊಡಬೇಕಾದ ದುಡ್ಡೇ ಭಾರವಾಗಿರುತ್ತದೆ. ಅವರು ಬೇಜಾರಾಯಿತು ಅಂತ ಗುಂಪಿನಲ್ಲಿ ಬರೆಯುವುದಿಲ್ಲ, ಸುಮ್ಮನಾಗುತ್ತಾರೆ. ಮುಂದಿನ ಸಲ ಕರೆದಾಗಲೂ ಸುಮ್ಮನಿರುತ್ತಾರೆ. ಆ ವಾಕ್ಯವನ್ನು ಪೂರ್ತಿ ತೆಗೆಯಿರಿ.

"ನಿನ್ನೆ" ಕೂಡ ಬೇಡ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಫಾರ್ವರ್ಡ್ ಮಾಡಿದರೆ, ಕಳಿಸುವವರು ತೆಗೆದುಹಾಕದಿದ್ದರೆ, ಕ್ಯಾಪ್ಶನ್ ಅದರ ಜೊತೆಗೇ ಹೋಗುತ್ತದೆ. ಮೂರು ವಾರ ಕಳೆದ ಮೇಲೆ ಬೆಂಗಳೂರಿನ ಯಾವುದೋ ಗುಂಪಿಗೆ ಅದು ತಲುಪಿದಾಗ "ನಿನ್ನೆ" ಸುಳ್ಳಾಗಿರುತ್ತದೆ. ಕಾಲೇಜಿನ ಹೆಸರು ಎರಡು ಕರಡಿನಲ್ಲೂ ಇಲ್ಲ, ಗಮನಿಸಿದಿರಾ? "ನಮ್ಮ ಮಹಾವಿದ್ಯಾಲಯ" ಗುಂಪಿನ ಒಳಗೆ ಸಾಕು. ಹೊರಗೆ ಹೋದ ಮೇಲೆ ಯಾರ ಮಹಾವಿದ್ಯಾಲಯ? ಕಾಲೇಜು, ಊರು, ತಾರೀಖು ಈ ಮೂರೂ ಕ್ಯಾಪ್ಶನ್ನಿನಲ್ಲಿಯೇ ಇರಬೇಕು.

ಇನ್ನು "ಆ". ಇದರ ಬಲ ಅಂದರೆ ತಾರೀಖು, ಜಾಗ, ಎಷ್ಟು ಜನ, ಯಾವ ಕಾಲದವರು ಎಲ್ಲ ಸಿಗುತ್ತದೆ. 1995ರವರು ಓದಿದರೆ ನಾವೂ ಈ ಲೆಕ್ಕದೊಳಗೆ ಬರುತ್ತೇವೆ ಅಂತ ಕೂಡಲೇ ಗೊತ್ತಾಗುತ್ತದೆ. "ಅ" ಕರಡು ಇದನ್ನು ಕೊಡುವುದೇ ಇಲ್ಲ. ಆದರೆ "ಆ" ವರದಿಯ ಧಾಟಿಯಲ್ಲಿದೆ, ಮುಖ್ಯವಾದದ್ದು ಒಳಗೆ ಹೂತುಹೋಗಿದೆ. ಇನ್‌ಸ್ಟಾಗ್ರಾಂ ಫೀಡಿನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ತೆರೆಯುತ್ತದೆ. ನಮ್ಮ ಪದಗಳು ಉದ್ದ, ಹಾಗಾಗಿ ಆ ಜಾಗದಲ್ಲಿ ಹತ್ತು ಹನ್ನೆರಡು ಪದ ಹಿಡಿದರೆ ಹೆಚ್ಚು. ನಿಮ್ಮ ಮೊದಲ ವಾಕ್ಯದ ಹತ್ತು ಪದವನ್ನು ಎಣಿಸಿ ನೋಡಿ. "ದಿನಾಂಕ"ದಿಂದ "ಜರುಗಿತು"ವರೆಗೆ ಓದಿದರೂ ಸ್ನೇಹಕೂಟ ಆಯಿತು ಅನ್ನುವುದು ಬಿಟ್ಟು ಏನೂ ತಿಳಿಯುವುದಿಲ್ಲ, ಅದು ಫೋಟೋದಲ್ಲೇ ಕಾಣುತ್ತಿದೆ. ಸ್ವಾಗತ, ವಂದನೆಯ ಸಾಲು ನಡಾವಳಿ ಪುಸ್ತಕಕ್ಕೆ ಸರಿ, ಇಲ್ಲಿಗೆ ಬೇಡ. ಅದನ್ನು ತೆಗೆದರೆ ಹಾಜರಿಗೆ ಬೇಕಾದಷ್ಟು ಜಾಗ ಸಿಗುತ್ತದೆ.

"ಬ್ಯಾಚ್" ಅನ್ನುವಲ್ಲಿ ಒಂದು ಗೊಂದಲ ಇದೆ. ಕೆಲವರು ಸೇರಿದ ವರ್ಷವನ್ನು ಬ್ಯಾಚ್ ಅನ್ನುತ್ತಾರೆ, ಕೆಲವರು ಪಾಸಾದ ವರ್ಷವನ್ನು. ಮೂರು ವರ್ಷದ ಡಿಗ್ರಿಯಲ್ಲಿ ಇದು ಮೂರು ವರ್ಷದ ವ್ಯತ್ಯಾಸ. 2011ರಲ್ಲಿ ಪಾಸಾಗಿ, 2008ರ ಬ್ಯಾಚ್ ಅಂತ ಹೇಳಿಕೊಳ್ಳುವವರು ಬಂದಿದ್ದರೆ ನಿಮ್ಮ ಲೆಕ್ಕವೇ ತಪ್ಪುತ್ತದೆ. "ಪಾಸಾದ" ಅಂತ ಒಂದು ಪದ ಸೇರಿಸಿ, ಹೆಸರು ನೋಂದಾಯಿಸಿದ ಪಟ್ಟಿಯ ಜೊತೆ ತಾಳೆ ನೋಡಿ.

ದುಡ್ಡಿನ ಸಾಲಿನ ಬಗ್ಗೆ ಹೆಚ್ಚು ಎಚ್ಚರ ಬೇಕು. "₹62,000 ಸಂಗ್ರಹವಾಯಿತು" ಅಂದರೆ ಓದುವವರು ಅಷ್ಟೂ ಖಾತೆಗೆ ಬಂದಿದೆ ಅಂದುಕೊಳ್ಳುತ್ತಾರೆ. ಸ್ನೇಹಕೂಟಗಳಲ್ಲಿ ಸಾಮಾನ್ಯವಾಗಿ ಸ್ವಲ್ಪ ಕೈಗೆ ಬಂದಿರುತ್ತದೆ, ಉಳಿದದ್ದು ಕೊಡುತ್ತೇನೆ ಅಂದ ಮಾತು. ಎರಡನ್ನೂ ಕೂಡಿಸಿ "ಸಂಗ್ರಹ" ಅಂತ ಬರೆದರೆ, ಆರು ತಿಂಗಳ ಮೇಲೆ ಲೆಕ್ಕ ಕೇಳಿದಾಗ ಖಜಾಂಚಿ ಕಷ್ಟಕ್ಕೆ ಬೀಳುತ್ತಾರೆ. ಖಜಾಂಚಿಯವರನ್ನು ಕೇಳಿ, ಜಮಾ ಆದ ಮೊತ್ತವನ್ನು ಮಾತ್ರ ಬರೆಯಿರಿ, ಅದೂ ವಾಟ್ಸ್ಆ್ಯಪ್ ಗುಂಪಿಗೆ ಮಾತ್ರ. ಇನ್‌ಸ್ಟಾಗ್ರಾಂನಲ್ಲಿ ಯಾರು ಬೇಕಾದರೂ ನೋಡುತ್ತಾರೆ, ಅಲ್ಲಿ ಮೊತ್ತ ಬೇಕಿಲ್ಲ. ಕೊಟ್ಟವರ ಹೆಸರಂತೂ ಎಲ್ಲೂ ಬೇಡ, ಒಬ್ಬರ ಹೆಸರು ಬಿಟ್ಟುಹೋದರೂ ವರ್ಷಗಟ್ಟಲೆ ಮನಸ್ಸಿನಲ್ಲಿ ಉಳಿಯುತ್ತದೆ.

ಈಗ ಹಾಜರಿಗೆ ಬರೋಣ. ಸರ್ ಅಷ್ಟೂ ವರ್ಷ ಪಾಠ ಮಾಡಿದ್ದರಿಂದಲೇ ಎಲ್ಲ ಬ್ಯಾಚಿನವರೂ ಉತ್ತರ ಕೊಟ್ಟರು. ಇದು ಬೇರೆ ಕಾಲೇಜಿಗೆ ಒಪ್ಪುವುದಿಲ್ಲ, ಹಾಸ್ಟೆಲ್-ಮನೆ ಅಂತ ಭೇದ ಇಲ್ಲ, ಬಾರದವರಿಗೂ ಆ ದನಿ ಕಿವಿಯಲ್ಲಿದೆ. ಮೊದಲ ಸಾಲು ಅದೇ ಆಗಲಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

"'ಪ್ರೆಸೆಂಟ್ ಸರ್!' ಪುಣೆಯಲ್ಲಿ ನಮ್ಮ ಫಿಸಿಕ್ಸ್ ಸರ್ ಮತ್ತೆ ಹಾಜರಿ ಕರೆದರು.
1981ರಿಂದ 2008ರವರೆಗೆ ಪಾಸಾದ 46 ಜನ ದನಿಗೂಡಿಸಿದೆವು.
(ಕಾಲೇಜಿನ ಪೂರ್ತಿ ಹೆಸರು), ಧಾರವಾಡ: ಮುಂಬೈ-ಪುಣೆ ಹಳೆಯ ವಿದ್ಯಾರ್ಥಿಗಳ ಸ್ನೇಹಕೂಟ, ಗಣೇಶನಗರ, ಪುಣೆ, 18 ಜನವರಿ 2026.
ಸರ್ ಹಾಜರಿಯಲ್ಲಿ ನಿಮ್ಮ ರೋಲ್ ನಂಬರ್ ಎಷ್ಟಿತ್ತು? ಪಾಸಾದ ವರ್ಷದ ಜೊತೆ ಬರೆಯಿರಿ."

ಕೊನೆಯ ಪ್ರಶ್ನೆಯನ್ನು ಸುಮ್ಮನೆ ಹಾಕಿಲ್ಲ. "ಯಾರಿಗೆ ನೆನಪಿದೆ?" ಅಂತ ಕೇಳಿದರೆ ಒಂದು ನಗುಮುಖದ ಇಮೋಜಿ ಬರುತ್ತದೆ, ಅಲ್ಲಿಗೆ ಮುಗಿಯಿತು. ನಂಬರ್, ವರ್ಷ ಕೇಳಿದರೆ ಬಾರದವರೂ ಒಂದೇ ಸಾಲಿನಲ್ಲಿ ಉತ್ತರ ಕೊಡಬಹುದು, ಗುಂಪಿನಲ್ಲಿ ಯಾವ ವರ್ಷದವರು ಎಷ್ಟಿದ್ದಾರೆ ಅನ್ನುವ ಪಟ್ಟಿ ನಿಮಗೂ ತಾನಾಗಿಯೇ ಸಿಗುತ್ತದೆ. ವಾಟ್ಸ್ಆ್ಯಪ್‌ಗೆ ಹಾಕುವಾಗ ಪ್ರಶ್ನೆಯ ಮುಂಚೆ ನಿಧಿಯ ಸಾಲು ಸೇರಿಸಿ. ಬೆಳಗಾವಿ, ಸಾಂಗ್ಲಿ ಕಡೆಯಿಂದ ಬಂದು ಓದಿದ ಮರಾಠಿ ಮನೆಮಾತಿನವರು ಗುಂಪಿನಲ್ಲಿದ್ದು, ಕನ್ನಡ ಓದುವುದು ಅವರಿಗೆ ನಿಧಾನ ಅನ್ನಿಸಿದರೆ, ಕೊನೆಯಲ್ಲಿ ಮರಾಠಿಯಲ್ಲೂ ಒಂದು ಸಾಲು ಇರಲಿ.

ನನ್ನ ಮಾತನ್ನೇ ನಂಬಬೇಕಿಲ್ಲ, ಪರೀಕ್ಷಿಸಿ. ಆದರೆ ಗುಂಪಿನಲ್ಲಿ ಪೋಲ್ ಹಾಕಬೇಡಿ. ಅಲ್ಲಿ ವೋಟು ಹಾಕುವವರು ಹೆಚ್ಚಾಗಿ ಬಂದವರೇ. ಅವರಿಗೆ ಆ ದಿನದ ಗುಂಗು ಇನ್ನೂ ಇಳಿದಿರುವುದಿಲ್ಲ, ಯಾವ ಕ್ಯಾಪ್ಶನ್ ಆದರೂ ಚೆಂದವೇ. ಬದಲಿಗೆ ಬಾರದ ನಾಲ್ವರನ್ನು ಆರಿಸಿಕೊಳ್ಳಿ, ಇಬ್ಬರು ಹಳೆಯ ಬ್ಯಾಚಿನವರು, ಇಬ್ಬರು ಹೊಸಬರು. ಬೇರೆ ಬೇರೆಯಾಗಿ ಕಳಿಸಿ, ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಹಳೆಯ ಕರಡು ಮೊದಲು, ಇನ್ನೊಬ್ಬರಿಗೆ ಹೊಸದು ಮೊದಲು, ಯಾಕೆಂದರೆ ಮೊದಲು ಓದಿದ್ದೇ ಮನಸ್ಸಿಗೆ ಹಿಡಿಯುವುದುಂಟು. "ಯಾವುದು ಚೆನ್ನಾಗಿದೆ" ಅಂತ ಕೇಳಿದರೆ ಮುಲಾಜಿಗೆ ಎರಡೂ ಚೆನ್ನಾಗಿದೆ ಅನ್ನುತ್ತಾರೆ. ಒಂದು ತಾಸು ಬಿಟ್ಟು ಫೋನ್ ಮಾಡಿ, ಅದರಲ್ಲಿ ಏನು ಬರೆದಿತ್ತು ಹೇಳಿ ಅನ್ನಿ. ಅವರ ಬಾಯಿಂದ ಹಾಜರಿಯ ಮಾತು ಬಂದು, ಜೊತೆಗೆ ತಮ್ಮ ಕಾಲದ್ದೊಂದು ಸಂಗತಿ ತಾವಾಗಿಯೇ ಹೇಳಿದರೆ ಆ ಕರಡು ಕೆಲಸ ಮಾಡಿದೆ. ಊಟ ಏನಿತ್ತು, ಯಾರ್ಯಾರು ಬಂದಿದ್ದರು ಅಂತ ಅವರೇ ನಿಮ್ಮನ್ನು ಕೇಳಿದರೆ ಇನ್ನೂ ಒಳ್ಳೆಯದು. "ಏನೋ ಗೆಟ್ ಟುಗೆದರ್ ಅಂತ ಇತ್ತಲ್ಲ" ಅಂದರೆ ಮತ್ತೆ ಬರೆಯಬೇಕು.

"ಅ" ಕರಡನ್ನು ಪೂರ್ತಿ ಬಿಸಾಡಬೇಡಿ. ಆ ಮೆಸ್ಸಿನಲ್ಲಿ ಒಟ್ಟಿಗೆ ಉಂಡ ಒಂದೇ ಬ್ಯಾಚಿನ ಇಪ್ಪತ್ತು-ಮೂವತ್ತು ಜನರ ಗುಂಪು ನಿಮ್ಮದೂ ಒಂದು ಇದ್ದೇ ಇರುತ್ತದೆ. ಸಾರಿನ ಸಾಲು ಅಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ಲಿ ವಿವರಣೆ ಯಾರಿಗೂ ಬೇಕಾಗುವುದಿಲ್ಲ.

ಹಾಕುವ ಮುಂಚೆ 46 ಅನ್ನುವ ಸಂಖ್ಯೆ, ಎರಡು ವರ್ಷಗಳು, ಜಮಾ ಆದ ಮೊತ್ತ ಈ ಮೂರನ್ನೂ ಕಾರ್ಯದರ್ಶಿ, ಖಜಾಂಚಿ ಇಬ್ಬರಿಗೂ ತೋರಿಸಿ. ಇನ್‌ಸ್ಟಾಗ್ರಾಂ ಕ್ಯಾಪ್ಶನ್ನನ್ನು ಆಮೇಲೂ ತಿದ್ದಬಹುದು, ವಾಟ್ಸ್ಆ್ಯಪ್‌ನಲ್ಲಿ ತಿದ್ದಲು ಸಿಗುವುದು 15 ನಿಮಿಷ ಮಾತ್ರ. ಅಷ್ಟರಲ್ಲಿ ಯಾರಾದರೂ ಫಾರ್ವರ್ಡ್ ಮಾಡಿದ್ದರೆ ನೀವು ತಿದ್ದಿದ್ದು ಆ ಪ್ರತಿಗೆ ತಲುಪುವುದಿಲ್ಲ.